ಅತ್ತೆಯ ಪಾಸ್‌ಬುಕ್ಕಿನ 295 ರೂಪಾಯಿ

ನಮ್ಮ ಅತ್ತೆಯ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಜಮಾ ಆದ ದಿನವೇ ಅದರಿಂದ ಒಂದಿಷ್ಟು ರೊಕ್ಕ ಕಟ್ ಆಗುತ್ತಿತ್ತು. ಮೊದಲ ಸಲ ಅವರು ಸುಮ್ಮನಿದ್ದರು. ಎರಡನೇ ಸಲ ಮಗ ಎಟಿಎಂನಿಂದ ತೆಗೆದುಕೊಟ್ಟದ್ದು 1,700 ಮಾತ್ರ ಎಂದಾಗ ಅವರಿಗೆ ಸಂಶಯ ಬಂತು. ಮಗ ರೊಕ್ಕ ಇಟ್ಟುಕೊಂಡನೋ, ಬ್ಯಾಂಕಿನವರು ಇಟ್ಟುಕೊಂಡರೋ, ಇಲ್ಲಾ ಈಗ ಟಿವಿಯಲ್ಲಿ ತೋರಿಸುವ ಹಾಗೆ ಯಾವನೋ ಕಳ್ಳ ಎಲ್ಲೋ ಕೂತು ತೆಗೆಯುತ್ತಿದ್ದಾನೋ? ಬಾಯಿ ಬಿಟ್ಟು ಹೇಳದಿದ್ದರೂ ಮಗನ ಜೊತೆ ಮಾತು ಕಡಿಮೆ ಮಾಡಿದ್ದರು. ಮನೆಯಲ್ಲಿ ಇದು ಬರೀ ರೊಕ್ಕದ ವಿಷಯವಾಗಿ ಉಳಿಯಲಿಲ್ಲ.

ನಾವಿರುವುದು ಹಾನಗಲ್‌ನಲ್ಲಿ. ಮೈದುನನ ಮಗಳು ಹುಬ್ಬಳ್ಳಿಯಲ್ಲಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಇಂಥ ಲೆಕ್ಕ ಕೇಳಬೇಕೆಂದರೆ ನಮಗೆ ಅವಳೇ ದಿಕ್ಕು. ಅತ್ತೆ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದ ದಿನ ನನ್ನ ಮನೆಯವರು ತಮ್ಮ ಫೋನಿನಲ್ಲಿ ಆ ಪುಟವನ್ನು ಸ್ಕ್ಯಾನ್ ಮಾಡಿ ಅವಳಿಗೆ ಕಳಿಸಿದ್ದರು. ಅವಳು ಕೆಲಸದ ಗಡಿಬಿಡಿಯಲ್ಲಿ ಅದನ್ನು ತೆರೆದಿರಲಿಲ್ಲ. ಅಷ್ಟರಲ್ಲಿ ಆ ಫೋನು ಕೆಟ್ಟು ರಿಪೇರಿಗೆ ಹೋಯಿತು. ಅಂಗಡಿಯವ ಎಲ್ಲ ಅಳಿಸಿ ಹೊಸದಾಗಿ ಮಾಡಿಕೊಟ್ಟ. ಅವಳು ಆಮೇಲೆ ಫೋಟೋ ಒತ್ತಿದರೆ ತೆರೆಯಲೇ ಇಲ್ಲ. ನನ್ನ ಫೋನಿನಲ್ಲಿ ತೆಗೆಯೋಣವೆಂದರೆ ಪಾಸ್‌ಬುಕ್ಕಿನ ಅಚ್ಚು ಬಹಳ ಮಸುಕು. ಪ್ರಿಂಟರಿನ ರಿಬ್ಬನ್ ಸವೆದಿತ್ತೇನೋ, ಅಕ್ಷರಗಳು ಬೂದಿ ಬಣ್ಣದಲ್ಲಿ ಬಿದ್ದಿದ್ದವು. ಕಣ್ಣಿಗೆ ಹೇಗೋ ಕಾಣುತ್ತಿದ್ದದ್ದು ನನ್ನ ಸಣ್ಣ ಫೋನಿನ ಫೋಟೋದಲ್ಲಿ ಕರಗಿಹೋಗುತ್ತಿತ್ತು.

ಫೋನ್ ಮಾಡಿದಾಗ ಅವಳೇ ದಾರಿ ಹೇಳಿದಳು. "ದೊಡ್ಡವ್ವ, ಫೋಟೋ ಬ್ಯಾಡ ಬಿಡು. ಪುಟದಾಗ ಏನೇನ ಐತಿ ಒಂದೊಂದ ಸಾಲು ಟೈಪ್ ಮಾಡಿ ಕಳಸು. ಸಂಶಯ ಇರೋ ಎಂಟ್ರಿ ಅಷ್ಟ ಅಲ್ಲ, ಅದರ ಹಿಂದಿಂದು ಮುಂದಿಂದೂ ಬೇಕು. ಬ್ಯಾಲೆನ್ಸ್ ಮಾತ್ರ ಬಿಡಬ್ಯಾಡ."

ಅಕೌಂಟ್ ನಂಬರ್, ಹೆಸರು, ಗ್ರಾಹಕರ ಐಡಿ ಯಾವುದನ್ನೂ ಹಾಕಬೇಡ ಎಂದೂ ಹೇಳಿದಳು. ಫೋಟೋ ಕಳಿಸಿದರೆ ಪುಟದ ಮೇಲಿರುವುದೆಲ್ಲ ಹೋಗುತ್ತದೆ. ಟೈಪ್ ಮಾಡಿದರೆ ಲೆಕ್ಕಕ್ಕೆ ಬೇಕಾದಷ್ಟೇ ಹೋಗುತ್ತದೆ.

ಇನ್ನೊಂದು ಮಾತನ್ನು ಅವಳು ಒತ್ತಿ ಹೇಳಿದಳು. ವಿವರದ ಜಾಗದಲ್ಲಿ ಇಂಗ್ಲಿಷಿನಲ್ಲಿ ಏನು ಇದೆಯೋ ಅದನ್ನು ಇದ್ದ ಹಾಗೆಯೇ ಹೊಡೆಯಬೇಕು. ಅರ್ಥ ಆಗದಿದ್ದರೂ ಸರಿ, ನಮಗೆ ತಿಳಿದ ಹಾಗೆ ತಿದ್ದಬಾರದು. ಓದಲು ಬಾರದ ಅಕ್ಷರ ಇದ್ದರೆ ಅಂದಾಜಿನಲ್ಲಿ ತುಂಬದೆ ಪ್ರಶ್ನೆ ಚಿಹ್ನೆ ಇಡಬೇಕು. ಬ್ಯಾಂಕಿನ ಕಂಪ್ಯೂಟರಿನಲ್ಲಿ ಆ ಎಂಟ್ರಿಯನ್ನು ಹುಡುಕುವುದೇ ಆ ತಾರೀಖು, ಆ ಅಕ್ಷರಗಳು, ಆ ಮೊತ್ತದಿಂದ.

ರಾತ್ರಿ ಊಟ ಆದ ಮೇಲೆ ನಾನು ಅತ್ತೆ ಇಬ್ಬರೂ ಕೂತೆವು. ಅವರು ಸ್ಕೇಲ್ ಪಟ್ಟಿಯನ್ನು ಸಾಲಿನ ಕೆಳಗೆ ಹಿಡಿದರು, ನಾನು ಓದಿ ಟೈಪ್ ಮಾಡಿದೆ. ಪುಟದ ಮೇಲ್ಗಡೆ ಹಿಂದಿನ ಪುಟದಿಂದ ಬಂದ ಬಾಕಿ 338 ರೂಪಾಯಿ ಇತ್ತು. ಅಲ್ಲಿಂದ ಕೆಳಗೆ ಹೀಗೆ ಬಂತು:

```
27-05  PMSBY          20.00 DR    318.00
05-06  ACH RTN CHG   295.00 DR     23.00
14-07  DBT          2000.00 CR   2023.00
14-07  ACH RTN CHG   2?5.00 DR   1728.00
15-07  ATM WDL      1500.00 DR    228.00
21-08  DBT          2000.00 CR   2228.00
21-08  ACH RTN CHG   295.00 DR   1933.00
22-08  ATM WDL      1700.00 DR    233.00
??-08  ???            ?.?? DR     215.30
```

ಇದರಲ್ಲಿ `DR` ಎಂದರೆ ಖಾತೆಯಿಂದ ಹೋದದ್ದು, `CR` ಎಂದರೆ ಬಂದದ್ದು. ಕೊನೆಯ ಕಾಲಮ್ಮು ಆ ಸಾಲು ಮುಗಿದಾಗ ಉಳಿದ ಬ್ಯಾಲೆನ್ಸ್. ಎರಡು ಕಡೆ ನನಗೆ ಓದಲು ಆಗಲಿಲ್ಲ. ಜುಲೈ 14ರ ಸಾಲಿನ ನಡುವಿನ ಅಂಕಿ 3 ಇರಬಹುದು, 8 ಇರಬಹುದು, 9 ಇರಬಹುದು. ಕೊನೆಯ ಸಾಲಂತೂ ಎರಡು ಸಾಲು ಒಂದರ ಮೇಲೊಂದು ಅಚ್ಚಾಗಿ ಮಸಿಯ ಕಲೆಯ ಹಾಗೆ ಕಾಣುತ್ತಿತ್ತು. ಬ್ಯಾಲೆನ್ಸ್ ಒಂದೇ ಸ್ವಲ್ಪ ಬಲಕ್ಕೆ ಸರಿದು ಸ್ಪಷ್ಟವಾಗಿ ಬಿದ್ದಿತ್ತು.

ಬ್ಯಾಲೆನ್ಸ್ ಯಾಕೆ ಬೇಕಾಗಿತ್ತು ಎನ್ನುವುದು ಇಲ್ಲಿ ತಿಳಿಯಿತು. ಹಿಂದಿನ ಸಾಲಿನ ಬ್ಯಾಲೆನ್ಸಿನಿಂದ ಈ ಸಾಲಿನ ಬ್ಯಾಲೆನ್ಸ್ ಕಳೆದರೆ ಬರುವುದೇ ಈ ಸಾಲಿನ ಮೊತ್ತ. 2,023ರಲ್ಲಿ 1,728 ಕಳೆದರೆ 295. ಅಲ್ಲಿಗೆ ಜುಲೈನ ಮಸುಕು ಅಂಕಿ 9 ಎಂದು ತೀರ್ಮಾನ ಆಯಿತು. ಕೊನೆಯ ಕಲೆಯ ಸಾಲಿಗೂ ಹಾಗೇ ಮಾಡಿದೆವು. 233ರಲ್ಲಿ 215.30 ಕಳೆದರೆ 17.70. ಅಂದರೆ ಆ ಮಸಿಯ ಅಡಿ 17 ರೂಪಾಯಿ 70 ಪೈಸೆಯ ಒಂದು ಎಂಟ್ರಿ ಅಡಗಿತ್ತು. ಅಥವಾ ಒಟ್ಟು ಅಷ್ಟಾಗುವ ಎರಡು ಮೂರು ಎಂಟ್ರಿ. ಬ್ಯಾಲೆನ್ಸ್ ಒಟ್ಟು ಎಷ್ಟು ಹೋಯಿತು ಎಂದು ಹೇಳುತ್ತದೆ, ಎಷ್ಟು ಸಲ ಹೋಯಿತು ಎಂದು ಹೇಳುವುದಿಲ್ಲ. ಆದ್ದರಿಂದ ಆ ಸಾಲಿನ ಎದುರು "ಬ್ಯಾಂಕಿನಲ್ಲಿ ಕೇಳಬೇಕು" ಎಂದು ಬರೆದುಕೊಂಡೆ.

ಟೈಪ್ ಮಾಡಿದ್ದು ಸರಿಯೋ ತಪ್ಪೋ ನೋಡಲಿಕ್ಕೂ ಇದೇ ಉಪಾಯ. ಮೇಲಿನಿಂದ ಕೆಳಗಿನವರೆಗೆ ಪ್ರತಿ ಸಾಲನ್ನೂ ಹೀಗೆ ಕೂಡಿ ಕಳೆದು ನೋಡಿದರೆ ಎಲ್ಲಾದರೂ ಒಂದು ಅಂಕಿ ಬದಲಾಗಿದ್ದರೆ ಆ ಸಾಲಿನಲ್ಲೇ ಲೆಕ್ಕ ನಿಂತುಬಿಡುತ್ತದೆ.

ಈ ಪಟ್ಟಿ ಹೋದ ಹತ್ತು ನಿಮಿಷದಲ್ಲಿ ಹುಡುಗಿ ಫೋನ್ ಮಾಡಿದಳು.

"ದೊಡ್ಡವ್ವ, ಮದಲ ಅಜ್ಜಿಗೆ ಹೇಳು, ಕಾಕಾ ಏನೂ ತಗೊಂಡಿಲ್ಲ ಅಂತ. ಎಟಿಎಂದಾಗ ತಗದದ್ದು 1,500 ಮತ್ತ 1,700. ಎರಡೂ ಬರೋಬ್ಬರಿ ಐತಿ."

ಅವಳ ಅಪ್ಪ ನನ್ನ ಮನೆಯವರ ತಮ್ಮನಾದರೂ ಚಿಕ್ಕಂದಿನಿಂದ ಇವರಿಗೂ ಕಾಕಾ ಅಂತಲೇ ಕರೆಯುವುದು. ಫೋನ್ ಸ್ಪೀಕರಿನ ಮೇಲೆ ಇತ್ತು. ಅತ್ತೆ ಕೇಳಿಸಿಕೊಂಡರು. ಏನೂ ಅನ್ನಲಿಲ್ಲ, ಸ್ಕೇಲ್ ಪಟ್ಟಿಯನ್ನು ಪುಸ್ತಕದಲ್ಲಿಟ್ಟು "ಅವಂಗ ಉಣ್ಣಾಕ ಹಾಕಿದೇನವಾ?" ಅಂದರು. ಅವರು ಆಗಲೇ ಉಂಡು ಮಲಗಿದ್ದರು.

ಇನ್ನು ಉಳಿದದ್ದು ಮೂರು ಬಗೆಯ ಮೊತ್ತ: 20, 17.70, 295. ಇವು ಏನೆಂದು ತಿಳಿಯಲು ಆಡಿಟರ್ ಆಫೀಸಿನವರು ಮಾಡುವ ಒಂದು ಸಣ್ಣ ಲೆಕ್ಕವನ್ನು ಅವಳು ಹೇಳಿಕೊಟ್ಟಳು. ಬ್ಯಾಂಕು ತನ್ನ ಸೇವೆಗೆ ಹಾಕುವ ಶುಲ್ಕದ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಸೇರುತ್ತದೆ. ಹಾಗಾಗಿ ಸಂಶಯದ ಮೊತ್ತವನ್ನು 1.18ರಿಂದ ಭಾಗಿಸಬೇಕು. ಉತ್ತರ ತುಂಡಾಗದೆ ಪೂರ್ತಿ ರೂಪಾಯಿಯಲ್ಲಿ ಬಂದರೆ ಅದು ಬಹುತೇಕ ಬ್ಯಾಂಕಿನ ಶುಲ್ಕ. 295ನ್ನು ಭಾಗಿಸಿದರೆ 250. 17.70ನ್ನು ಭಾಗಿಸಿದರೆ 15. ಎರಡೂ ಚೊಕ್ಕವಾಗಿ ಬಂದವು. 20ನ್ನು ಭಾಗಿಸಿದರೆ 16.949 ಹೀಗೆ ಮುಗಿಯದ ಬಾಲ ಬಂತು. ಹಾಗಾದರೆ ಅದು ಶುಲ್ಕ ಅಲ್ಲ, ಬೇರೆ ಏನೋ.

ಆ 20 ರೂಪಾಯಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಅಪಘಾತ ವಿಮೆಯ ವರ್ಷದ ಕಂತು. 2022ರ ಜೂನ್‌ಗೆ ಮೊದಲು ಅದು 12 ರೂಪಾಯಿ ಇತ್ತು. ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ, ಅದಕ್ಕೇ ಮೇ ಕೊನೆಯ ವಾರದಲ್ಲಿ ಕಟ್ ಆಗುವುದು. 18ರಿಂದ 70 ವರ್ಷದವರೆಗೆ ಇದು ನಡೆಯುತ್ತದೆ. ಅತ್ತೆಗೆ 62. ಹಿಂದೊಮ್ಮೆ ಬ್ಯಾಂಕಿನಲ್ಲಿ ಫಾರ್ಮಿಗೆ ಸಹಿ ಹಾಕಿದ್ದು ಅವರಿಗೇ ನೆನಪಾಯಿತು. ನಿಮ್ಮ ಪಾಸ್‌ಬುಕ್ಕಿನಲ್ಲಿ ಅದೇ ವಾರ 436 ರೂಪಾಯಿ ಹೋಗಿದ್ದರೆ ಅದು ಇದರ ಜೊತೆಯ ಜೀವನ ಜ್ಯೋತಿ ವಿಮೆಯದು. ಅದೂ 1.18ಕ್ಕೆ ಚೊಕ್ಕ ಆಗುವುದಿಲ್ಲ.

17.70 ಎಸ್‌ಎಂಎಸ್ ಕಳಿಸುವುದರ ಶುಲ್ಕ ಇರಬಹುದು ಎಂದಳು. ಮುಂದೆ ಬ್ಯಾಂಕಿನಲ್ಲಿ ಕೇಳಿದಾಗ ಹೌದೆಂದೇ ಗೊತ್ತಾಯಿತು. ಅದೂ ಒಂದೇ ಎಂಟ್ರಿ ಇತ್ತು. ಈ 1.18ರ ಲೆಕ್ಕ ಸುಳಿವು ಮಾತ್ರ, ಸಾಕ್ಷಿ ಆಗುವುದಿಲ್ಲ. ಅಂಗಡಿಯಲ್ಲಿ 118 ರೂಪಾಯಿಯ ಸಾಮಾನು ತಂದು ಫೋನಿನಿಂದ ಕೊಟ್ಟರೂ ಅದು 100ಕ್ಕೆ ಚೊಕ್ಕ ಬರುತ್ತದೆ. ಆದ್ದರಿಂದ ಪಕ್ಕದ ಅಕ್ಷರಗಳನ್ನೂ ಓದಬೇಕು.

ನಮ್ಮ ಪಟ್ಟಿಯಲ್ಲಿ ಆ ಅಕ್ಷರ `ACH RTN CHG`. ಎಸಿಎಚ್ ಎಂದರೆ ಸಾಲದ ಕಂತು, ವಿಮೆಯ ಕಂತು ಇಂಥವು ನಮ್ಮ ಖಾತೆಯಿಂದ ತಾವಾಗಿಯೇ ಹೋಗುವ ವ್ಯವಸ್ಥೆ. ಕಂತಿನ ಮೇಲೆ ಏನಾದರೂ ಕೊಂಡಾಗ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದಕ್ಕೆ ಮ್ಯಾಂಡೇಟ್ ಎನ್ನುತ್ತಾರೆ. ಕಂಪನಿ ನಿಗದಿಯಾದ ತಾರೀಖಿಗೆ ಹಣ ಕೇಳುತ್ತದೆ, ಬ್ಯಾಂಕು ಕೊಡುತ್ತದೆ. ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ಕೇಳಿಕೆ ಮರಳಿ ಹೋಗುತ್ತದೆ, ಚೆಕ್ ಬೌನ್ಸ್ ಆದ ಹಾಗೆ. ಹಾಗೆ ಮರಳಿಸಿದ್ದಕ್ಕೆ ಬ್ಯಾಂಕು ಹಾಕುವ ಶುಲ್ಕವೇ ಇದು. ಎಷ್ಟು ಎನ್ನುವುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ನಮ್ಮಲ್ಲಿ 250, ಮೇಲೆ ಜಿಎಸ್‌ಟಿ 45.

"ದೊಡ್ಡವ್ವ, ಅಜ್ಜಿ ಖಾತೇದ ಮ್ಯಾಲೆ ಯಾವುದರ ಕಂತು ಐತೇನು?"

ಇತ್ತು. ಫ್ರಿಜ್ಜು. ಹತ್ತು ಕಂತಿನಲ್ಲಿ ತಂದದ್ದು. ಆಗ ನನ್ನ ಮನೆಯವರ ಖಾತೆ ನಡೆಯುತ್ತಿರಲಿಲ್ಲವೆಂದು ಅತ್ತೆಯ ಖಾತೆ ಕೊಟ್ಟಿದ್ದೆವು. ಆದರೆ ಆ ಕಂತು ಏಪ್ರಿಲ್‌ನಲ್ಲೇ ಮುಗಿದಿತ್ತು. ಮುಗಿದ ಸಾಲಕ್ಕೆ ಜೂನ್‌ನಲ್ಲಿ, ಜುಲೈನಲ್ಲಿ, ಆಗಸ್ಟ್‌ನಲ್ಲಿ ಕೇಳುವವರು ಯಾರು?

ತಾರೀಖುಗಳನ್ನು ನೋಡಿದಾಗ ಇನ್ನೊಂದು ಗಂಟು ಬಿಚ್ಚಿತು. ಜೂನ್‌ನ ಶುಲ್ಕ ಬಿದ್ದದ್ದು 5ನೇ ತಾರೀಖಿಗೆ. ನಮ್ಮ ಕಂತಿನ ತಾರೀಖೂ 5. ಆದರೆ ಜುಲೈ ಮತ್ತು ಆಗಸ್ಟ್‌ನಲ್ಲಿ ಶುಲ್ಕ ಬಿದ್ದದ್ದು 14ಕ್ಕೆ, 21ಕ್ಕೆ, ಅಂದರೆ ಗೃಹಲಕ್ಷ್ಮಿ ಜಮಾ ಆದ ದಿನವೇ. ಜುಲೈ 5ರಂದು ಖಾತೆಯಲ್ಲಿ ಇದ್ದದ್ದು 23 ರೂಪಾಯಿ. 295 ತೆಗೆಯಲು ಅಲ್ಲಿ ಏನಿತ್ತು? ಬ್ಯಾಂಕು ಅದನ್ನು ಬಾಕಿ ಬರೆದಿಟ್ಟು, ಹಣ ಬಂದ ಕೂಡಲೇ ತೆಗೆದುಕೊಂಡಿತ್ತು. ಆಗಸ್ಟ್‌ನಲ್ಲೂ ಹಾಗೇ, 228 ಇತ್ತು, 295ಕ್ಕೆ ಸಾಲದು. ಅದಕ್ಕೇ ಗೃಹಲಕ್ಷ್ಮಿಯ ರೊಕ್ಕಕ್ಕೇ ಯಾರೋ ಕೈ ಹಾಕುತ್ತಿದ್ದಾರೆ ಎಂದು ಅತ್ತೆಗೆ ಅನಿಸಿದ್ದು. ಒಂದು ಎಂಟ್ರಿಯನ್ನು ಮಾತ್ರ ನೋಡಿದ್ದರೆ ನನಗೂ ಹಾಗೇ ಅನಿಸುತ್ತಿತ್ತು. ಸಾಲಾಗಿ ಬರೆದಾಗಲೇ ಹಣ ಹೋದ ದಿನ ಬೇರೆ, ಕಾರಣ ಹುಟ್ಟಿದ ದಿನ ಬೇರೆ ಎಂದು ಕಂಡದ್ದು.

ಕಳ್ಳತನ ಅಲ್ಲ ಎಂದು ಹೇಗೆ ಹೇಳುತ್ತೀ ಎಂದು ಅವಳನ್ನು ಕೇಳಿದೆ. ಕಳ್ಳರು ಪ್ರತಿ ಸಲ ಪೈಸೆಗೆ ಸರಿಯಾಗಿ 295 ತೆಗೆದು 1,700 ಬಿಟ್ಟುಹೋಗುವುದಿಲ್ಲ ಎಂದಳು. ನಮಗೆ ಗೊತ್ತಿಲ್ಲದ ಯುಪಿಐ, ಎಟಿಎಂ ಅಥವಾ ಹೆಬ್ಬೆಟ್ಟಿನ ಮೇಲೆ ಹಣ ತೆಗೆದ ಎಂಟ್ರಿ ಕಂಡಿದ್ದರೆ ಟೈಪ್ ಮಾಡುತ್ತ ಕೂಡುವ ಮಾತೇ ಇರಲಿಲ್ಲ. ಕೂಡಲೇ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಬ್ಯಾಂಕಿನದಾಗಲಿ ನಮ್ಮದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ಮೋಸ ಆಗಿದ್ದು, ತಿಳಿದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ಹೇಳಿದರೆ ನಷ್ಟ ಗ್ರಾಹಕರ ಮೇಲೆ ಬೀಳಬಾರದು ಎಂದು ರಿಸರ್ವ್ ಬ್ಯಾಂಕು 2017ರಲ್ಲೇ ಹೇಳಿದೆ.

ನಮ್ಮ ಮುಂದೆ ಇದ್ದದ್ದು ಬೇರೆ ಗಡುವು. ಸೆಪ್ಟೆಂಬರ್ 5 ಬರಲು ನಾಲ್ಕೇ ದಿನ ಇತ್ತು. ಅಂದೂ ಕಂಪನಿ ಕೇಳಿದರೆ, ಖಾತೆಯಲ್ಲಿ 215 ರೂಪಾಯಿ, ಮತ್ತೆ ಮರಳುತ್ತದೆ, ಮತ್ತೆ 295.

ಮರುದಿನ ಅತ್ತೆಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಟೈಪ್ ಮಾಡಿದ್ದನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಮೂರು `ACH RTN CHG` ಸಾಲಿಗೆ ಗೆರೆ ಎಳೆದಿದ್ದೆ. ಕೌಂಟರಿನಲ್ಲಿದ್ದವರು ಮೊದಲು "ಚಾರ್ಜ್ ಅದಾವ್ರೀ, ಎಲ್ಲಾರಿಗೂ ಬೀಳತಾವು" ಎಂದರು. ಹುಡುಗಿ ಹೇಳಿಕೊಟ್ಟ ಹಾಗೆ ನಾನು ಕೇಳಿದೆ: "ಹೌದ್ರೀ, ಆದರ ಯಾರು ಕೇಳಿದ್ದಕ್ಕ ಬಿದ್ದಾವು? ಯಾವ ತಾರೀಖಿಗೆ, ಎಷ್ಟು ಕೇಳ್ಯಾರ? ಮ್ಯಾಂಡೇಟಿನ ನಂಬರ್ ಏನೈತಿ?" ಶುಲ್ಕ ಹಾಕಿದರೆ ಅದು ಯಾವ ಬಗೆಯದು, ಯಾಕೆ ಹಾಕಿದ್ದು ಎಂದು ಚುಟುಕಾಗಿಯಾದರೂ ಪಾಸ್‌ಬುಕ್ಕಿನಲ್ಲಿ ತಿಳಿಯುವ ಹಾಗೆ ಬರೆಯಬೇಕೆಂದು ರಿಸರ್ವ್ ಬ್ಯಾಂಕು 2017ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ಹೇಳಿದೆಯಂತೆ. ನಮ್ಮ ಪುಟದಲ್ಲಿ ಇದ್ದದ್ದು ಮೂರು ತುಂಡು ಪದ. ಕೇಳಿದ ಕಂಪನಿಯ ಹೆಸರಿಲ್ಲ, ಕೇಳಿದ ಮೊತ್ತವೂ ಇಲ್ಲ.

ಅವರು ನನ್ನ ಕಾಗದದ ತಾರೀಖು ನೋಡಿ ಕಂಪ್ಯೂಟರಿನಲ್ಲಿ ತೆಗೆದರು. ಕೇಳಿದ್ದು ಫ್ರಿಜ್ಜಿನ ಸಾಲದ ಕಂಪನಿಯೇ. ಜೂನ್ 5, ಜುಲೈ 5, ಆಗಸ್ಟ್ 5. ಮೂರೂ ಸಲ ಮರಳಿತ್ತು. ಪ್ರತಿ ಮ್ಯಾಂಡೇಟಿಗೆ ಇರುವ ಯುಎಂಆರ್‌ಎನ್ ಎಂಬ ಉದ್ದನೆಯ ನಂಬರನ್ನು ಅವರೇ ಚೀಟಿಯಲ್ಲಿ ಬರೆದುಕೊಟ್ಟರು.

ಆ ನಂಬರ್ ಇಟ್ಟುಕೊಂಡು ಕಂಪನಿಗೆ ಫೋನ್ ಮಾಡಿದಾಗ ಕತೆ ಪೂರ್ತಿ ತಿಳಿಯಿತು. ಡಿಸೆಂಬರ್‌ನ ಕಂತು ಒಂದು ವಾರ ತಡವಾಗಿ ಹೋಗಿತ್ತು. ಅದಕ್ಕೆ 500 ರೂಪಾಯಿ ದಂಡ ಅವರ ಪುಸ್ತಕದಲ್ಲಿ ಉಳಿದಿತ್ತು. ಕಂತು ಮುಗಿದ ಮೇಲೂ ಸಾಲದ ಖಾತೆ ಅವರಲ್ಲಿ ಮುಚ್ಚಿರಲಿಲ್ಲ, ಮ್ಯಾಂಡೇಟ್ ಜೀವಂತ ಇತ್ತು. ಆ 500ಕ್ಕಾಗಿ 5ನೇ ತಾರೀಖಿಗೆ ಕೇಳುತ್ತಿದ್ದರು. ಅತ್ತೆಯ ಖಾತೆಗೆ ಹಣ ಬರುವುದು ತಿಂಗಳ ನಡುವೆಯೋ ಕೊನೆಗೋ. ಬಂದ ಮರುದಿನ ನಾವು ತೆಗೆದುಬಿಡುತ್ತೇವೆ. 5ನೇ ತಾರೀಖಿಗೆ ಅಲ್ಲಿ ಯಾವತ್ತೂ 500 ಇರುತ್ತಿರಲಿಲ್ಲ. ಹೀಗಾಗಿ ಅವರಿಗೆ 500 ಸಿಗಲೇ ಇಲ್ಲ, ಬ್ಯಾಂಕಿಗೆ ಮೂರು ಸಲ ಸೇರಿ 885 ಹೋಯಿತು. ಮೇಲಾಗಿ ಪ್ರತಿ ಸಲ ಮರಳಿದಾಗ ಕಂಪನಿಯೂ ತನ್ನ ಪುಸ್ತಕದಲ್ಲಿ ಹೊಸ ದಂಡ ಬರೆಯುತ್ತಿತ್ತು. ಬಿಟ್ಟಿದ್ದರೆ ಇದು ತಾನಾಗಿ ನಿಲ್ಲುವ ಲೆಕ್ಕವೇ ಅಲ್ಲ.

ಎರಡು ಕೆಲಸ ಬೇರೆ ಬೇರೆಯಾಗಿ ಮಾಡಬೇಕಾಯಿತು. ಮೊದಲನೆಯದು ಬ್ಯಾಂಕಿನಲ್ಲಿ ಮ್ಯಾಂಡೇಟ್ ರದ್ದು. ಕಂಪನಿಯನ್ನು ಕೇಳಿಯೇ ರದ್ದು ಮಾಡಿಸಬೇಕು ಎಂದೇನಿಲ್ಲ. ಖಾತೆದಾರರು ತಮ್ಮ ಬ್ಯಾಂಕಿಗೇ ಬರೆದು ಕೊಡಬಹುದು. ಅತ್ತೆಯ ಹೆಸರಿನಲ್ಲಿ ಅರ್ಜಿ ಬರೆದು, ಯುಎಂಆರ್‌ಎನ್ ನಂಬರ್ ಹಾಕಿ, ಅವರ ಸಹಿ ಮಾಡಿಸಿ, ಎರಡನೇ ಪ್ರತಿಯ ಮೇಲೆ ಸೀಲು ತಾರೀಖು ಹಾಕಿಸಿಕೊಂಡೆವು. ಆ ಸೀಲು ಮುಖ್ಯ. ರದ್ದು ಕೊಟ್ಟ ಮೇಲೂ ಶುಲ್ಕ ಬಿದ್ದರೆ ಅದನ್ನು ವಾಪಸ್ ಕೇಳಲು ನಮ್ಮ ಕೈಯಲ್ಲಿರುವ ಕಾಗದ ಅದೊಂದೇ.

ಎರಡನೆಯದು ಬಾಕಿ ತೀರಿಸುವುದು. ಮ್ಯಾಂಡೇಟ್ ರದ್ದಾದರೆ ಹಣ ಹೋಗುವ ದಾರಿ ಮುಚ್ಚುತ್ತದೆ, ಸಾಲ ತೀರುವುದಿಲ್ಲ. ಕಂಪನಿಗೆ ಈ ಪಟ್ಟಿಯನ್ನೇ ಕಳಿಸಿ, ಕಂತು ಮುಗಿದ ಮೇಲೆ ದಂಡ ಬಾಕಿ ಇದೆಯೆಂದು ನಮಗೆ ತಿಳಿಸದೆ ಮೂರು ಸಲ ಕೇಳಿದ್ದೀರಿ ಎಂದು ಬರೆದೆವು. ನಾಲ್ಕಾರು ಫೋನ್ ಆದ ಮೇಲೆ ಜೂನ್ ನಂತರ ಬರೆದ ಹೊಸ ದಂಡಗಳನ್ನು ಬಿಟ್ಟು ಮೂಲ 500 ಮಾತ್ರ ಕಟ್ಟಿಸಿಕೊಂಡರು. ಬಾಕಿ ಇಲ್ಲ ಎಂಬ ಪತ್ರವೂ ಬಂತು.

ಬ್ಯಾಂಕಿಗೆ ಹೋದ 885 ವಾಪಸ್ ಬರಲಿಲ್ಲ. ಕೇಳಿಕೆ ಬಂದದ್ದು ನಿಜ, ಖಾತೆಯಲ್ಲಿ ಹಣ ಇಲ್ಲದ್ದೂ ನಿಜ, ಶುಲ್ಕ ಅವರ ಪಟ್ಟಿಯಲ್ಲಿ ಇರುವಷ್ಟೇ ಎಂದರು. ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ನಲ್ಲಿ ದೂರು ಹಾಕಬಹುದು. 14448ಕ್ಕೆ ಫೋನ್ ಮಾಡಿ ಕೇಳಲೂಬಹುದು. ಆದರೆ ನಮ್ಮದರಲ್ಲಿ ಬ್ಯಾಂಕು ಲೆಕ್ಕ ತಪ್ಪಿಸಿರಲಿಲ್ಲ, ಹುಡುಗಿಯೂ "ಇದಕ್ಕ ಹೋಗಿ ಫಾಯದೆ ಆಗೂದಿಲ್ಲ" ಎಂದಳು. ಒಂದೇ ದಿನದ ಒಂದೇ ಕೇಳಿಕೆಗೆ ಎರಡು ಸಲ ಶುಲ್ಕ ಬಿದ್ದಿದ್ದರೆ, ಅಥವಾ ಖಾತೆಯಲ್ಲಿ ಹಣ ಇದ್ದೂ ಮರಳಿಸಿದ್ದರೆ ಮಾತು ಬೇರೆ ಆಗುತ್ತಿತ್ತು. ಅದನ್ನೂ ತೋರಿಸಿಕೊಡುವುದು ಆ ತಾರೀಖಿನ ಬ್ಯಾಲೆನ್ಸೇ.

ಸೆಪ್ಟೆಂಬರ್ ಕೊನೆಗೆ ಎಂಟ್ರಿ ಹಾಕಿಸಿಕೊಂಡು ಬಂದಾಗ ಅತ್ತೆ ಬಾಗಿಲಲ್ಲೇ ನಿಂತು ಪುಸ್ತಕ ನನ್ನ ಕೈಗೆ ಕೊಟ್ಟರು. "ಅದ ಮೂರ ಅಕ್ಷರ ಐತೇನು ನೋಡವಾ" ಅಂದರು. 5ನೇ ತಾರೀಖಿಗೆ ಏನೂ ಇರಲಿಲ್ಲ. ಗೃಹಲಕ್ಷ್ಮಿ ಜಮಾ ಆದ ಸಾಲಿನ ಕೆಳಗೂ ಏನೂ ಇರಲಿಲ್ಲ, 2,215.30 ಹಾಗೇ ನಿಂತಿತ್ತು. ಅದರಲ್ಲಿ 2,000ವನ್ನು ಮಗನ ಕೈಯಿಂದಲೇ ತೆಗೆಸಿಕೊಂಡರು, ಈ ಸಲ ಎಣಿಸಲಿಲ್ಲ.